ತೊಗರಿ ಬೇಳೆ ವಿಂಗಡಿಸುವ ಮಾಡೆಲ್: ಲಾಸ್ ಗೆರೆ ಓದಿ ರಿಪೇರಿ ಮಾಡಿದ ದಾಖಲೆ

ಕೆಲಸ ಇಷ್ಟು. ತೊಗರಿ ಬೇಳೆಯ ಒಂದೊಂದು ಕಾಳಿನ ಚಿತ್ರ ಕೊಟ್ಟರೆ ಅದು ಒಳ್ಳೆ ಬೇಳೆಯೋ, ನುಚ್ಚೋ, ಸಿಪ್ಪೆ ಉಳಿದದ್ದೋ, ಹುಳ ಕೊರೆದದ್ದೋ ಎಂದು ಮಾಡೆಲ್ ಹೇಳಬೇಕು. ಕಲಬುರಗಿಯ ನೆಹರೂ ಗಂಜ್ ಅಂಗಡಿಗಳಿಂದಲೂ ಕಪನೂರ ಕಡೆಯ ದಾಲ್ ಮಿಲ್‌ಗಳಿಂದಲೂ ತಂದ 12 ಲಾಟ್ ಬೇಳೆ ಇದೆ. ಒಂದು ಲಾಟ್ ಅಂದರೆ ಒಂದೇ ಚೀಲದಿಂದ ತೆಗೆದ ಸ್ಯಾಂಪಲ್. ಪ್ರತಿ ಲಾಟ್‌ನಿಂದ ನಾಲ್ಕೂ ಬಗೆಯ 50-50 ಕಾಳು ಆರಿಸಿದರೆ ಲಾಟ್‌ಗೆ 200, ಒಟ್ಟು 2,400 ಚಿತ್ರ. ಹುಳ ಕೊರೆದದ್ದು ಹಿಡಿ ಬೇಳೆಯಲ್ಲಿ ಅಷ್ಟೊಂದು ಸಿಗುವುದಿಲ್ಲ. ಅದಕ್ಕೆ ಕೇಜಿಗಟ್ಟಲೆ ಬೇಳೆ ಮೊರದಲ್ಲಿ ಹರಡಿ ಕೂರಬೇಕು.

ಚಿತ್ರ ತೆಗೆಯಲು ಮೊಬೈಲ್ ಬೇಡ, ಹಳೆಯ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು. ಬೆಳಕು ಪ್ರತಿ ಸಲ ಒಂದೇ ಇರುತ್ತದೆ, ಅಳತೆಯೂ ಒಂದೇ ಇರುತ್ತದೆ. ಗಾಜಿನ ಮೇಲೆ ಕಾಳುಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಮುಚ್ಚಳದ ಬದಲು ನೀಲಿ ಚಾರ್ಟ್ ಹಾಳೆ ಹೊದಿಸಿ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಬೇಕು. ಈ ಲೆಕ್ಕದಲ್ಲಿ 1 ಮಿಲಿಮೀಟರಿಗೆ 11.8 ಪಿಕ್ಸೆಲ್. ಸುಮಾರು 6 ಮಿಮೀ ಬೇಳೆ 71 ಪಿಕ್ಸೆಲ್ ಆಗುತ್ತದೆ, 96×96 ಪಿಕ್ಸೆಲ್ ಚೌಕದಲ್ಲಿ ಆರಾಮಾಗಿ ಕೂರುತ್ತದೆ. ಪ್ರತಿ ಕಾಳಿನ ನಡುಬಿಂದು ಹಿಡಿದು ಅದೇ ಗಾತ್ರದ ಚೌಕ ಕತ್ತರಿಸಬೇಕು. ಕಾಳಿನ ಅಂಚಿಗೆ ಬಿಗಿಯಾಗಿ ಕತ್ತರಿಸಿ ಆಮೇಲೆ ಎಲ್ಲವನ್ನೂ ಒಂದೇ ಗಾತ್ರಕ್ಕೆ ಹಿಗ್ಗಿಸಿದರೆ ನುಚ್ಚು ಕೂಡ ಇಡೀ ಬೇಳೆಯಷ್ಟೇ ದೊಡ್ಡದಾಗಿ ಕಾಣುತ್ತದೆ. ಈ ಮಾತು ಮುಂದೆ ಇನ್ನೊಂದು ರೂಪದಲ್ಲಿ ಬರಲಿದೆ.

ಗೆರೆ ಎಳೆಯುವ ಮೊದಲು

ಲಾಸ್ ಅಂದರೆ ಮಾಡೆಲ್ ಎಷ್ಟು ತಪ್ಪಿದೆ ಎಂಬ ಅಳತೆ. ಕಲಿಸುವ ಚಿತ್ರಗಳ ಮೇಲಿನ ಟ್ರೈನಿಂಗ್ ಲಾಸ್, ಕಲಿಸದೆ ಬೇರೆ ಇಟ್ಟ ಚಿತ್ರಗಳ ಮೇಲಿನ ವ್ಯಾಲಿಡೇಶನ್ ಲಾಸ್ ಎರಡನ್ನೂ ಒಂದೇ ಗ್ರಾಫ್‌ನಲ್ಲಿ, ಸೊನ್ನೆಯಿಂದ ಶುರುವಾಗುವ ಅಕ್ಷದ ಮೇಲೆ ಎಳೆಯಬೇಕು. ಅದರಲ್ಲೇ 1.386ರ ಎತ್ತರಕ್ಕೆ ಒಂದು ಅಡ್ಡ ಗೆರೆ ಹಾಕಿಡಿ. ನಾಲ್ಕು ಬಗೆ ಸಮಪಾಲಾಗಿದ್ದಾಗ ಏನೂ ತಿಳಿಯದೆ ಎಲ್ಲಕ್ಕೂ 25% ಎಂದು ಹೇಳುವ ಮಾಡೆಲ್‌ನ ಕ್ರಾಸ್ ಎಂಟ್ರಪಿ ಅಷ್ಟು, ಅಂದರೆ ln 4. ಟ್ರೈನಿಂಗ್ ಶುರುವಾಗುವ ಮೊದಲೇ ಒಮ್ಮೆ `evaluate` ಮಾಡಿದರೆ 1.4ರ ಆಸುಪಾಸು ಬರಬೇಕು. ಹತ್ತೋ ಇಪ್ಪತ್ತೋ ಬಂದರೆ ಕಂಡದ್ದನ್ನೇ ಬಾಯಿಪಾಠ ಮಾಡುವ ಓವರ್‌ಫಿಟ್, ಕಂಡದ್ದನ್ನೂ ಕಲಿಯದ ಅಂಡರ್‌ಫಿಟ್ ಎಂಬ ಮಾತೇ ಬೇಡ. ಹೆಚ್ಚಿನ ಸಲ ಪಿಕ್ಸೆಲ್ ಬೆಲೆಗಳನ್ನು 255ರಿಂದ ಭಾಗಿಸದೆ ಹಾಗೇ ಕೊಟ್ಟಿರುತ್ತಾರೆ.

ಇನ್ನೊಂದು ಮಾತು. ಇಲ್ಲಿ ಬಳಸಿದ ಕೆರಾಸ್ ಲೈಬ್ರರಿ ತೋರಿಸುವ ಟ್ರೈನಿಂಗ್ ಲಾಸ್ ಮತ್ತು ವ್ಯಾಲಿಡೇಶನ್ ಲಾಸ್ ಒಂದೇ ತಕ್ಕಡಿಯಲ್ಲಿ ತೂಗಿದವಲ್ಲ. ಟ್ರೈನಿಂಗ್ ಲಾಸ್ ಎಪಾಕ್, ಅಂದರೆ ಎಲ್ಲ ಟ್ರೈನಿಂಗ್ ಚಿತ್ರಗಳ ಒಂದು ಸುತ್ತು, ನಡೆಯುತ್ತಿರುವಾಗಲೇ ಕೂಡಿಸುತ್ತಾ ಹೋದ ಸರಾಸರಿ, ಪ್ರತಿ ಸಲ ಕೆಲವು ಅಂಕಿ ಆರಿಸುವ ಡ್ರಾಪ್‌ಔಟ್ ಮತ್ತು ಚಿತ್ರವನ್ನು ತುಸು ಬದಲಿಸಿ ಕೊಡುವ ಆಗ್ಮೆಂಟೇಶನ್ ಚಾಲೂ ಇದ್ದಾಗಿನದು. ವ್ಯಾಲಿಡೇಶನ್ ಲಾಸ್ ಎಪಾಕ್ ಮುಗಿದ ಮೇಲೆ, ಎರಡೂ ಬಂದ್ ಇದ್ದಾಗ ಅಳೆದದ್ದು. ಎರಡರ ನಡುವಿನ ಅಂತರ ನೋಡಿ ನಿರ್ಧಾರ ಮಾಡುವವರು ಮೊದಲು ಈ ಸೊಟ್ಟ ತೆಗೆಯಬೇಕು. ಅದಕ್ಕೆ ಪ್ರತಿ ಎಪಾಕ್ ಕೊನೆಗೆ ಟ್ರೈನಿಂಗ್ ಚಿತ್ರಗಳನ್ನೇ ವ್ಯಾಲಿಡೇಶನ್ ರೀತಿಯಲ್ಲಿ ಇನ್ನೊಮ್ಮೆ ಅಳೆಯುವುದು ಒಳ್ಳೆಯದು:

```python
class CleanTrain(keras.callbacks.Callback):
    def on_epoch_end(self, epoch, logs=None):
        r = self.model.evaluate(train_clean, verbose=0,
                                return_dict=True)
        logs["clean_loss"] = r["loss"]
```

ಕಾಲ್‌ಬ್ಯಾಕ್ ಪಟ್ಟಿಯಲ್ಲಿ ಇದು `CSVLogger`ಗಿಂತ ಮುಂಚೆ ಇರಬೇಕು, ಇಲ್ಲವಾದರೆ ಫೈಲ್‌ಗೆ ಈ ಕಾಲಂ ಸೇರುವುದಿಲ್ಲ. ಕೆಳಗೆ "ಶುದ್ಧ ಟ್ರೈನಿಂಗ್ ಲಾಸ್" ಎಂದಾಗಲೆಲ್ಲ ಇದೇ ಅಂಕಿ. ಲಾಸ್‌ಗೆ L2 ದಂಡ ಸೇರಿಸಿದ್ದರೆ ಎರಡೂ ಗೆರೆ ಅಷ್ಟು ಮೇಲಕ್ಕೆ ಕಾಣುತ್ತವೆ. ಇಲ್ಲಿ ವೇಯ್ಟ್ ಡಿಕೇ ಬೇಕಾದಾಗ `AdamW` ಬಳಸಿದೆ, ಹಾಗಾಗಿ ಲಾಸ್‌ಗೆ ಬೇರೇನೂ ಕಲಸಿಲ್ಲ.

ಬೇಸಿಗೆಯಲ್ಲಿ ಕರೆಂಟ್ ಹೋಗುವ ಊರಿನಲ್ಲಿ ಕೆಲಸ ಮಾಡುವವರಿಗೆ ಒಂದು ಸೂಚನೆ: ಪ್ರತಿ ಎಪಾಕ್‌ಗೂ ಪೂರ್ತಿ ಮಾಡೆಲ್ ಸೇವ್ ಮಾಡಿ, `CSVLogger`ಗೆ `append=True` ಕೊಡಿ. ಬರೀ ವೇಯ್ಟ್ಸ್ ಸೇವ್ ಮಾಡಿ ಮತ್ತೆ ಶುರು ಮಾಡಿದರೆ ಆಪ್ಟಿಮೈಜರ್‌ನ ನೆನಪು ಅಳಿಸಿಹೋಗಿ ಆ ಜಾಗದಲ್ಲಿ ಗೆರೆ ಒಮ್ಮೆ ಎಗರುತ್ತದೆ. ಅದನ್ನು ಓವರ್‌ಫಿಟ್ ಎಂದು ಓದಿ ಮದ್ದು ಹುಡುಕುತ್ತ ಕೂರುವುದು ದಂಡ.

ಮೊದಲ ಓಟ: ಚೆಂದ ಕಾಣುವ ಸುಳ್ಳು ಗೆರೆ

ಮಾಡೆಲ್ ಸಾದಾ. 3×3ರ ಮೂರು ಕನ್ವಲ್ಯೂಶನ್ ಪದರ, ಫಿಲ್ಟರ್ 32, 64, 128, ಮೂರಕ್ಕೂ `padding="same"`, ಪ್ರತಿಯೊಂದರ ನಂತರ 2×2 ಮ್ಯಾಕ್ಸ್ ಪೂಲಿಂಗ್. ಆಮೇಲೆ `Flatten`, 256ರ `Dense`, ಕೊನೆಗೆ 4ರ ಸಾಫ್ಟ್‌ಮ್ಯಾಕ್ಸ್. `Adam`, ಲರ್ನಿಂಗ್ ರೇಟ್ 0.001, ಬ್ಯಾಚ್ 32.

2,400 ಚಿತ್ರಗಳನ್ನು ಕಲಸಿ 1,600 ಟ್ರೈನಿಂಗ್‌ಗೆ, 400 ವ್ಯಾಲಿಡೇಶನ್‌ಗೆ, 400 ಟೆಸ್ಟ್‌ಗೆ ಎಂದು ಹಂಚಿ ಓಡಿಸಿದಾಗ 10ನೇ ಎಪಾಕ್‌ಗೆ ಟ್ರೈನಿಂಗ್ 0.21, ವ್ಯಾಲಿಡೇಶನ್ 0.33. ಅಂತರ ಸಣ್ಣದು, ಎರಡೂ ಇಳಿಯುತ್ತಿವೆ. ಪಠ್ಯಪುಸ್ತಕದ ಪ್ರಕಾರ ಎಲ್ಲ ಸರಿ.

ಆದರೆ ಈ ವ್ಯಾಲಿಡೇಶನ್ ಗೆರೆಯನ್ನು ನಂಬುವಂತಿಲ್ಲ. ಒಂದೇ ಚೀಲದ ಕಾಳುಗಳು ಎರಡೂ ಕಡೆ ಕೂತಿವೆ. ಮಿಲ್‌ನಿಂದ ಮಿಲ್‌ಗೆ ಬೇಳೆಯ ಬಣ್ಣ ಬೇರೆ. ಒಬ್ಬರು ಎಣ್ಣೆ ಪಾಲಿಶ್ ಮಾಡಿರುತ್ತಾರೆ, ಇನ್ನೊಬ್ಬರು ನೀರು ಪಾಲಿಶ್, ಮತ್ತೊಬ್ಬರದು ಪಾಲಿಶ್ ಇಲ್ಲದ್ದು. ಆ ಲಾಟ್‌ನ ಹೊಳಪು, ಅದರಲ್ಲಿ ಸಿಪ್ಪೆ ಅಂಟಿರುವ ರೀತಿ, ನುಚ್ಚಾದ ಅಂಚಿನ ಬಣ್ಣ ಇವನ್ನೆಲ್ಲ ಮಾಡೆಲ್ ಟ್ರೈನಿಂಗ್‌ನಲ್ಲೇ ನೋಡಿಬಿಟ್ಟಿದೆ. ನಾಳೆ ಬರುವ ಚೀಲ ಇವುಗಳಲ್ಲಿ ಯಾವುದೂ ಅಲ್ಲ. ಆದ್ದರಿಂದ ಹಂಚಿಕೆ ಕಾಳಿನ ಲೆಕ್ಕದಲ್ಲಿ ಅಲ್ಲ, ಲಾಟ್ ಲೆಕ್ಕದಲ್ಲಿ ಆಗಬೇಕು. ಎರಡು ಲಾಟ್ ಟೆಸ್ಟ್‌ಗೆಂದು ಮೊದಲೇ ಪಕ್ಕಕ್ಕಿಟ್ಟು, ಉಳಿದ ಹತ್ತರಲ್ಲಿ:

```python
from sklearn.model_selection import GroupShuffleSplit
g = GroupShuffleSplit(n_splits=1, test_size=2, random_state=7)
tr, va = next(g.split(X, y, groups=lot))
```

`test_size=2` ಎಂದು ಪೂರ್ಣಾಂಕ ಕೊಟ್ಟರೆ ಎರಡು ಗುಂಪು, ಅಂದರೆ ಎರಡು ಲಾಟ್ ಎಂದು ಅರ್ಥ. 8 ಲಾಟ್ ಟ್ರೈನಿಂಗ್, 2 ವ್ಯಾಲಿಡೇಶನ್. ಚಿತ್ರಗಳ ಸಂಖ್ಯೆ ಮೊದಲಿನಷ್ಟೇ.

ಎರಡನೇ ಓಟ: ಓವರ್‌ಫಿಟ್

ಅದೇ ಮಾಡೆಲ್, ಹೊಸ ಹಂಚಿಕೆ. ಲಾಗ್‌ನಿಂದ ಎತ್ತಿದ ನಾಲ್ಕು ಸಾಲು:

```
epoch  clean_loss  val_loss  val_acc
1      1.08        1.02      0.56
6      0.42        0.64      0.75
12     0.17        0.81      0.76
30     0.01        1.52      0.76
```

ಟ್ರೈನಿಂಗ್ ಗೆರೆ ನೆಲ ಮುಟ್ಟಿದೆ. ವ್ಯಾಲಿಡೇಶನ್ ಗೆರೆ 6ನೇ ಎಪಾಕ್‌ನಲ್ಲಿ ತಳ ಕಂಡು ಮೇಲಕ್ಕೆ ತಿರುಗಿದೆ. ಇದು ಓವರ್‌ಫಿಟ್, ಅನುಮಾನವಿಲ್ಲ. ಇಲ್ಲಿ ಜನ ಎಡವುವುದು ಕೊನೆಯ ಕಾಲಂನಲ್ಲಿ. ಲಾಸ್ ಎರಡೂವರೆ ಪಟ್ಟು ಹತ್ತಿರ ಏರಿದ್ದರೂ ಅಕ್ಯುರಸಿ 75ರಿಂದ 76ಕ್ಕೆ ಹೋಗಿದೆ, ಹಾಗಾದರೆ ಕೆಟ್ಟದ್ದೇನು ಎಂದು ಕೇಳುತ್ತಾರೆ.

ಲೆಕ್ಕ ಬಿಡಿಸಿದರೆ ಗೊತ್ತಾಗುತ್ತದೆ. ಒಂದು ಕಾಳಿನ ಲಾಸ್ ಅಂದರೆ ಸರಿ ಉತ್ತರಕ್ಕೆ ಮಾಡೆಲ್ ಕೊಟ್ಟ ಸಂಭವನೀಯತೆಯ ಲಾಗ್, ಮುಂದೆ ಮೈನಸ್ ಚಿಹ್ನೆ ಹಾಕಿದ್ದು. 6ನೇ ಎಪಾಕ್‌ನಲ್ಲಿ 400 ಕಾಳಿನ ಒಟ್ಟು ಲಾಸ್ 256. ಅದರಲ್ಲಿ ಸರಿ ಹೇಳಿದ 300 ಕಾಳಿನ ಪಾಲು ತಲಾ 0.35ರಂತೆ 105. ಉಳಿದ 151 ತಪ್ಪಾದ 100 ಕಾಳಿನದು, ಅಂದರೆ ತಲಾ 1.5. ಸರಿ ಉತ್ತರಕ್ಕೆ ಸುಮಾರು 22% ಕೊಟ್ಟು ಸೋತಿದೆ. ಸೋತರೂ ಪೂರ್ತಿ ಕಣ್ಣು ಮುಚ್ಚಿಲ್ಲ. 30ನೇ ಎಪಾಕ್‌ನಲ್ಲಿ ಒಟ್ಟು 608. ಸರಿ ಹೇಳಿದ 304 ಕಾಳು ತಲಾ 0.1ರಂತೆ 30 ತಿನ್ನುತ್ತವೆ. ತಪ್ಪಾದ 96 ಕಾಳಿನ ಮೇಲೆ 578 ಬೀಳುತ್ತದೆ, ತಲಾ 6.0. ಸರಿ ಉತ್ತರಕ್ಕೆ ಈಗ 0.25% ಮಾತ್ರ. ಅದೇ ತಪ್ಪನ್ನು ಎದೆ ತಟ್ಟಿ ಹೇಳುತ್ತಿದೆ. ಖಾತ್ರಿ ಇಲ್ಲದ ಕಾಳನ್ನು ಮನುಷ್ಯರ ಕೈಗೆ ಕಳಿಸುವ ಯೋಜನೆ ಇದ್ದರೆ ಇಂಥ ಮಾಡೆಲ್ ಕೆಲಸಕ್ಕೆ ಬಾರದು, ಯಾಕೆಂದರೆ ಅದಕ್ಕೆ ಎಲ್ಲದರಲ್ಲೂ ಖಾತ್ರಿ. ಹಾಗಾಗಿ ರಿಪೇರಿಗೆ ಲಾಸ್ ಗೆರೆಯನ್ನೇ ಹಿಡಿಯಿರಿ. ಅಕ್ಯುರಸಿ ಪಕ್ಕದಲ್ಲಿ ಇರಲಿ.

ಮದ್ದು ಯಾವುದು? 6ನೇ ಎಪಾಕ್‌ನಲ್ಲಿ ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ. ಅದರಿಂದ 0.64 ಸಿಗುತ್ತದೆ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಅದು ಏರುವುದನ್ನು ತಡೆಯುತ್ತದೆ, ತಳವನ್ನು ತಗ್ಗಿಸುವುದಿಲ್ಲ. ತಳ ತಗ್ಗಬೇಕಾದರೆ ಬಾಯಿಪಾಠದ ಜಾಗ ಎಲ್ಲಿದೆ ಎಂದು ಹುಡುಕಬೇಕು. `model.summary()` ಅದನ್ನು ಬಿಚ್ಚಿಡುತ್ತದೆ. ಮೂರು ಕನ್ವಲ್ಯೂಶನ್ ಪದರಗಳ ಪ್ಯಾರಾಮೀಟರ್ 896, 18,496 ಮತ್ತು 73,856, ಕೂಡಿದರೆ 93,248. ಪೂಲಿಂಗ್ ಆದ ಮೇಲೆ 12×12×128 ಅಂದರೆ 18,432 ಅಂಕಿ ಉಳಿಯುತ್ತವೆ. ಅವನ್ನು 256ಕ್ಕೆ ಜೋಡಿಸುವ ಒಂದೇ `Dense` ಪದರದಲ್ಲಿ 47,18,848. ಮಾಡೆಲ್‌ನ 48 ಲಕ್ಷ ಪ್ಯಾರಾಮೀಟರ್‌ಗಳಲ್ಲಿ 98% ಆ ಒಂದು ಪದರದ್ದೇ, ಟ್ರೈನಿಂಗ್ ಚಿತ್ರ 1,600. ಅಷ್ಟೂ ಚಿತ್ರಗಳನ್ನು ಪಿಕ್ಸೆಲ್ ಜಾಗದ ಸಮೇತ ನೆನಪಿಡಲು ಅಲ್ಲಿ ಬೇಕಾದಷ್ಟು ಜಾಗವಿದೆ.

ಆದ್ದರಿಂದ `Flatten` ಮತ್ತು 256ರ `Dense` ಎರಡನ್ನೂ ಕಿತ್ತು ಆ ಜಾಗಕ್ಕೆ `GlobalAveragePooling2D` ಹಾಕಿದರೆ 128 ಅಂಕಿಯಿಂದ ನೇರ 4ಕ್ಕೆ ಹೋಗುತ್ತದೆ, ಕೊನೆಯ ಪದರಕ್ಕೆ 516 ಪ್ಯಾರಾಮೀಟರ್. ಒಟ್ಟು 93,764. ಕಾಳು ಚೌಕದಲ್ಲಿ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದು ನಮ್ಮ ಪ್ರಶ್ನೆಗೆ ಬೇಕಿಲ್ಲ, ಆದ್ದರಿಂದ ಸರಾಸರಿ ತೆಗೆದರೆ ನಷ್ಟವಿಲ್ಲ. ಕಾಳು ಎಷ್ಟು ಜಾಗ ತುಂಬಿದೆ ಎಂಬುದು ಸರಾಸರಿಯಲ್ಲೂ ಉಳಿಯುತ್ತದೆ.

ಇಷ್ಟಕ್ಕೆ ನಿಲ್ಲಿಸಿ ಒಮ್ಮೆ ಓಡಿಸಿ ನೋಡುವುದು ಸರಿಯಾದ ಕ್ರಮ. ಆದರೆ ಓವರ್‌ಫಿಟ್ ಕಂಡ ಕೂಡಲೇ ಗೊತ್ತಿರುವ ಔಷಧಿಯನ್ನೆಲ್ಲ ಒಟ್ಟಿಗೆ ಕುಡಿಸುವುದು ಎಲ್ಲ ಕಡೆ ಕಾಣುವ ಚಾಳಿ. ಅದರ ಫಲ ಏನು ಎಂದು ತೋರಿಸಲೆಂದೇ ಮುಂದಿನ ಓಟವನ್ನು ಹಾಗೆ ಇಟ್ಟಿದೆ.

ಮೂರನೇ ಓಟ: ಔಷಧಿ ಜಾಸ್ತಿಯಾಗಿ ಅಂಡರ್‌ಫಿಟ್

`GlobalAveragePooling2D` ಜೊತೆಗೆ ಡ್ರಾಪ್‌ಔಟ್ 0.5, ವೇಯ್ಟ್ ಡಿಕೇ, `RandomFlip`, `RandomRotation`, `RandomZoom(0.3)`, `RandomBrightness(0.3, value_range=(0, 1))`. ಎಲ್ಲವೂ ಮಾಡೆಲ್ ಒಳಗಿನ ಪದರಗಳೇ, ಹಾಗಾಗಿ `evaluate` ಮಾಡುವಾಗ ತಾವಾಗಿಯೇ ಬಂದ್ ಆಗುತ್ತವೆ. 40 ಎಪಾಕ್ ಆದ ಮೇಲೆ ಕೆರಾಸ್ ತೋರಿಸಿದ ಟ್ರೈನಿಂಗ್ ಲಾಸ್ 0.81, ವ್ಯಾಲಿಡೇಶನ್ 0.74. 20ನೇ ಎಪಾಕ್‌ನಿಂದ ಎರಡೂ ಗೆರೆ ಮಲಗಿವೆ.

ವ್ಯಾಲಿಡೇಶನ್ ಕೆಳಗಿದೆ ಎಂದು ಖುಷಿಪಡುವ ಮೊದಲು ಶುದ್ಧ ಟ್ರೈನಿಂಗ್ ಲಾಸ್ ನೋಡಿ: 0.71. ನಿಜವಾದ ಅಂತರ 0.03, ಆದರೆ ಅದು ಸಣ್ಣದಾಗಿರುವುದು ಎರಡೂ ಮೇಲೆ ಇರುವುದರಿಂದ. ಟ್ರೈನಿಂಗ್‌ನಲ್ಲಿ ಕಂಡ ಕಾಳನ್ನೇ ಗುರುತಿಸಲು ಆಗುತ್ತಿಲ್ಲ. ಇದು ಅಂಡರ್‌ಫಿಟ್. ಇಲ್ಲಿ ಹೊಸ ಲಾಟ್ ತರಲು ಗಂಜ್‌ಗೆ ಓಡಿದರೆ ಬೇಳೆಯ ದುಡ್ಡು ದಂಡ, ಇರುವ ಡೇಟಾವನ್ನೇ ಮಾಡೆಲ್ ಜೀರ್ಣಿಸಿಕೊಂಡಿಲ್ಲ.

ಅಂಡರ್‌ಫಿಟ್‌ಗೆ ಕಾರಣ ಮೂರು ಬಗೆಯದು. ಒಂದು, ಕೋಡ್‌ನಲ್ಲಿ ದೋಷ ಅಥವಾ ಲರ್ನಿಂಗ್ ರೇಟ್ ಸರಿಯಿಲ್ಲ. ಎರಡು, ಮಾಡೆಲ್ ತೀರಾ ಸಣ್ಣದು. ಮೂರು, ಉತ್ತರ ಹೇಳಲು ಬೇಕಾದ ಮಾಹಿತಿಯೇ ಚಿತ್ರದಲ್ಲಿ ಇಲ್ಲ. ಮೂರಕ್ಕೂ ಗೆರೆ ಒಂದೇ ಥರ ಕಾಣುತ್ತದೆ, ಆದ್ದರಿಂದ ಗೆರೆಯಷ್ಟನ್ನೇ ನೋಡಿ "ದೊಡ್ಡ ಮಾಡೆಲ್ ಹಾಕಿ" ಎನ್ನುವುದು ಅವಸರ.

ಮೊದಲನೆಯದನ್ನು ಬೇಗ ತಳ್ಳಿಹಾಕಬಹುದು. 32 ಚಿತ್ರದ ಒಂದೇ ಬ್ಯಾಚ್ ತೆಗೆದುಕೊಂಡು, ಡ್ರಾಪ್‌ಔಟ್ ಮತ್ತು ಆಗ್ಮೆಂಟೇಶನ್ ತೆಗೆದು, ಅದನ್ನೇ ಕೆಲವು ನೂರು ಸ್ಟೆಪ್ ಓಡಿಸಬೇಕು. ಲಾಸ್ ಸೊನ್ನೆಯ ಹತ್ತಿರ ಹೋಗಲೇಬೇಕು. ಹೋಗದೆ 1.39ರಲ್ಲೇ ಕೂತರೆ ಲೇಬಲ್‌ಗಳು ಪ್ರತಿ ಸ್ಟೆಪ್‌ಗೂ ಬೇರೆ ಬೇರೆ ಚಿತ್ರಕ್ಕೆ ಅಂಟುತ್ತ ಕಲಸಿಹೋಗುತ್ತಿರಬಹುದು, ಇಲ್ಲವೇ ಗ್ರೇಡಿಯಂಟ್ ಎಲ್ಲೋ ಕಡಿದಿದೆ. ಇಲ್ಲಿ 0.02ಕ್ಕೆ ಇಳಿಯಿತು. ಕೋಡ್ ಸರಿ ಇದೆ, 32 ಚಿತ್ರದ ಮಟ್ಟಿಗೆ ಮಾಡೆಲ್‌ಗೆ ಶಕ್ತಿಯೂ ಇದೆ. ಲರ್ನಿಂಗ್ ರೇಟ್ 0.003ಕ್ಕೆ ಏರಿಸಿದರೂ ಗೆರೆ ಅದೇ ಎತ್ತರದಲ್ಲಿ ಮಲಗಿತು.

ಈಗ ತಪ್ಪುಗಳು ಎಲ್ಲಿ ಗುಂಪಾಗಿವೆ ಎಂದು ನೋಡಬೇಕು. ವ್ಯಾಲಿಡೇಶನ್‌ನ 100 ನುಚ್ಚಿನಲ್ಲಿ 48 ಮಾತ್ರ ಸರಿ, 45 "ಒಳ್ಳೆ ಬೇಳೆ"ಗೆ ಹೋಗಿವೆ. ಒಳ್ಳೆ ಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ನುಚ್ಚಿಗೆ ಹೋಗಿವೆ. ನಾಣ್ಯ ಚಿಮ್ಮಿದ ಹಾಗೆ. ಸಿಪ್ಪೆ ಮತ್ತು ಹುಳದ ತೂತು ಚೆನ್ನಾಗಿಯೇ ಬಂದಿವೆ. ಮಾಡೆಲ್ ಸಣ್ಣದಾಗಿದ್ದರೆ ತಪ್ಪು ನಾಲ್ಕೂ ಕಡೆ ಹರಡುತ್ತಿತ್ತು. ಒಂದೇ ಜೋಡಿಯಲ್ಲಿ ಅರ್ಧಕ್ಕರ್ಧ ತಪ್ಪಾದರೆ ಆ ಜೋಡಿಯನ್ನು ಬೇರೆ ಮಾಡುವ ಗುರುತು ಅಳಿದಿದೆ ಎಂದೇ ಅನುಮಾನಿಸಬೇಕು.

ಒಳ್ಳೆ ಬೇಳೆಗೂ ನುಚ್ಚಿಗೂ ಇರುವ ಮುಖ್ಯ ಗುರುತು ಗಾತ್ರ. ಲೇಬಲ್ ಹಾಕುವಾಗ ನಿಯಮವೂ ಅದೇ: ಮುಕ್ಕಾಲಿಗಿಂತ ಕಡಿಮೆ ಉಳಿದಿದ್ದರೆ ನುಚ್ಚು. ಈಗ `RandomZoom(0.3)` ಏನು ಮಾಡುತ್ತದೆ ನೋಡಿ. ಒಂದು ತುದಿಯಲ್ಲಿ ಅದು ಚಿತ್ರವನ್ನು 1.3ರಿಂದ ಭಾಗಿಸಿದಷ್ಟು ಕುಗ್ಗಿಸುತ್ತದೆ. ಉದ್ದ 0.77 ಆದರೆ ಕಾಳಿನ ವಿಸ್ತೀರ್ಣ 0.59. ಇಡೀ ಬೇಳೆ ಮುಕ್ಕಾಲಿಗಿಂತ ಕಡಿಮೆ ಕಾಣುತ್ತದೆ, ಲೇಬಲ್ ಮಾತ್ರ "ಒಳ್ಳೆ ಬೇಳೆ". ಇನ್ನೊಂದು ತುದಿಯಲ್ಲಿ 0.7ರಿಂದ ಭಾಗಿಸಿದಷ್ಟು ಹಿಗ್ಗಿಸುತ್ತದೆ, ವಿಸ್ತೀರ್ಣ 2.04 ಪಟ್ಟು. ಅರ್ಧ ಮುರಿದ ನುಚ್ಚು ಇಡೀ ಬೇಳೆಯಷ್ಟಾಗುತ್ತದೆ, ಲೇಬಲ್ ಮಾತ್ರ "ನುಚ್ಚು". ಗಾತ್ರವನ್ನು ನಂಬಬೇಡ ಎಂದು ನಾವೇ ಮಾಡೆಲ್‌ಗೆ ಕಲಿಸುತ್ತಿದ್ದೇವೆ. ಮೊಬೈಲ್ ಹಿಡಿದು ಬೇರೆ ಬೇರೆ ದೂರದಿಂದ ತೆಗೆದ ಚಿತ್ರಕ್ಕೆ ಈ ಝೂಮ್ ಬೇಕಾಗಬಹುದು. ಸ್ಕ್ಯಾನರ್ ಗಾಜಿನ ಮೇಲೆ ದೂರ ಬದಲಾಗುವುದೇ ಇಲ್ಲ.

ಒಂದೊಂದಾಗಿ ಔಷಧಿ ಇಳಿಸುವುದು

ಬೇರೆ ಏನನ್ನೂ ಮುಟ್ಟದೆ `RandomZoom` ಮಾತ್ರ ತೆಗೆದಾಗ ಶುದ್ಧ ಟ್ರೈನಿಂಗ್ ಲಾಸ್ 0.71ರಿಂದ 0.43ಕ್ಕೆ, ವ್ಯಾಲಿಡೇಶನ್ 0.74ರಿಂದ 0.51ಕ್ಕೆ ಬಂತು. ಎರಡೂ ಒಟ್ಟಿಗೆ ಇಳಿದವು. ಅಂಡರ್‌ಫಿಟ್‌ಗೆ ಸರಿಯಾದ ಮದ್ದು ತಾಗಿದ ಗುರುತು ಇದೇ: ಟ್ರೈನಿಂಗ್ ಒಂದೇ ಇಳಿದು ವ್ಯಾಲಿಡೇಶನ್ ಕೂತಲ್ಲೇ ಕೂತರೆ ಬಾಯಿಪಾಠ ಮತ್ತೆ ಶುರುವಾಗಿದೆ ಎಂದು.

ಆಮೇಲೆ ಡ್ರಾಪ್‌ಔಟ್ 0.5ರಿಂದ 0.2ಕ್ಕೆ. ಕೊನೆಯಲ್ಲಿ ಇರುವುದೇ 128 ಅಂಕಿ, ಅದರಲ್ಲಿ ಪ್ರತಿ ಸಲ ಅರ್ಧ ಆರಿಸಿಬಿಟ್ಟರೆ ಉಳಿಯುವುದು ಬಡತನವೇ. ಬ್ರೈಟ್‌ನೆಸ್ 0.3ರಿಂದ 0.1ಕ್ಕೆ. ಪೂರ್ತಿ ತೆಗೆಯಲಿಲ್ಲ. ಸ್ಕ್ಯಾನರ್ ಬೆಳಕು ಒಂದೇ ಆದರೂ ಪಾಲಿಶ್‌ನಿಂದ ಲಾಟ್‌ಗೊಂದು ಬಣ್ಣ ಇದ್ದೇ ಇದೆ, ಅಷ್ಟು ಅಲುಗಾಟವನ್ನು ಮಾಡೆಲ್ ಸಹಿಸಬೇಕು. ಈ ಎರಡರ ನಂತರ ಶುದ್ಧ ಟ್ರೈನಿಂಗ್ 0.24, ವ್ಯಾಲಿಡೇಶನ್ 0.38, ಅಕ್ಯುರಸಿ 86%.

ಎರಡನೇ ಓಟದಲ್ಲಿ 6ನೇ ಎಪಾಕ್‌ಗೆ ನಿಲ್ಲಿಸಿದ್ದರೆ ಸಿಗುತ್ತಿದ್ದ 0.64ಕ್ಕೆ ಇದನ್ನು ಹೋಲಿಸಿ. ಇಲ್ಲೂ ಅಂತರ 0.14 ಇದೆ. ಅಂತರ ಸೊನ್ನೆಯಾಗಬೇಕೆಂದು ಹಟ ಹಿಡಿಯುವುದು ಬೇಡ. ಮೂರನೇ ಓಟದಲ್ಲಿ ಅಂತರ 0.03 ಇತ್ತು, ಮಾಡೆಲ್ ಕೆಟ್ಟದಿತ್ತು. ನೋಡಬೇಕಾದ್ದು ವ್ಯಾಲಿಡೇಶನ್ ಗೆರೆಯ ತಳ ಎಷ್ಟು ಕೆಳಗೆ ಹೋಯಿತು ಎಂದು. ಅಂತರ ಬರೀ ಮುಂದಿನ ಮದ್ದು ಯಾವ ದಿಕ್ಕಿನದು ಎಂದು ಹೇಳುತ್ತದೆ.

ಇಂಥ ಸಣ್ಣ ಬದಲಾವಣೆಗಳನ್ನು ತೂಗುವಾಗ ಒಂದು ಎಚ್ಚರ. 400 ಚಿತ್ರದಲ್ಲಿ 85% ಅಕ್ಯುರಸಿ ಅಂದರೆ ಬರೀ ಎಣಿಕೆಯ ಆಕಸ್ಮಿಕದಿಂದಲೇ ಸುಮಾರು 1.8 ಅಂಶದ ಪ್ರಮಾಣ ದೋಷ ಇರುತ್ತದೆ. 85 ಇದ್ದದ್ದು 86 ಆಯಿತು ಎಂದು ಯಾವ ನಿರ್ಧಾರವನ್ನೂ ಮಾಡಬಾರದು. ಅದರ ಮೇಲೆ ವ್ಯಾಲಿಡೇಶನ್‌ನಲ್ಲಿ ಇರುವುದು ಎರಡೇ ಲಾಟ್. `GroupKFold` ಬಳಸಿ ಹತ್ತೂ ಲಾಟ್‌ಗಳನ್ನು ಐದು ಪಾಲು ಮಾಡಿ ಐದು ಸಲ ಓಡಿಸಿದರೆ ಗೆರೆಗಳು ಎಷ್ಟು ಚದುರುತ್ತವೆ ಎಂದು ಕಣ್ಣಿಗೇ ಕಾಣುತ್ತದೆ. ಗೆರೆಯ ಒಳಗಿನ ಏರಿಳಿತ ಬೇರೆ, ಅದು ಹಲ್ಲುಹಲ್ಲಾಗಿದ್ದರೆ ಲರ್ನಿಂಗ್ ರೇಟ್ ಇಳಿಸಿ ನೋಡಿ.

ಹೊಸ ಬೇಳೆ ತರಬೇಕೋ ಬೇಡವೋ

ಈಗ ಉಳಿದಿರುವ ಅಂತರ ಓವರ್‌ಫಿಟ್ ಕಡೆಯದು. ಡೇಟಾ ಹೆಚ್ಚಿಸಿದರೆ ಕಡಿಮೆಯಾಗುವುದೇ ಎಂದು ತರುವ ಮೊದಲೇ ತಿಳಿಯಬಹುದು. ಎಪಾಕ್ ಬದಲು ಅಡ್ಡ ಅಕ್ಷದ ಮೇಲೆ ಲಾಟ್ ಸಂಖ್ಯೆ ಇಟ್ಟು ಇನ್ನೊಂದು ಗೆರೆ ಎಳೆಯಬೇಕು. 2 ಲಾಟ್‌ನಿಂದ ಟ್ರೈನ್ ಮಾಡಿದರೆ ವ್ಯಾಲಿಡೇಶನ್ ತಳ 0.83, 4ರಿಂದ 0.61, 6ರಿಂದ 0.47, 8ರಿಂದ 0.38. ಗೆರೆ ಇನ್ನೂ ಇಳಿಯುತ್ತಿದೆ, ಅಂದರೆ ತರುವುದು ಲಾಭ. 6 ಮತ್ತು 8ರ ನಡುವೆ ಮಲಗಿಬಿಟ್ಟಿದ್ದರೆ ತಂದರೂ ಪ್ರಯೋಜನವಿರುತ್ತಿರಲಿಲ್ಲ.

ತರುವುದಾದರೆ ಏನು ತರಬೇಕು? ಇರುವ ಚೀಲಗಳಿಂದಲೇ ಇನ್ನಷ್ಟು ಕಾಳು ಎಣಿಸಿ ಸ್ಕ್ಯಾನ್ ಮಾಡುವುದು ಅಗ್ಗ. ಅದು ಕೆಲಸ ಮಾಡುತ್ತದೆಯೇ ಎಂದು ನೋಡಲು 800 ಚಿತ್ರಗಳನ್ನೇ ಎರಡು ರೀತಿ ಆರಿಸಿದೆವು. 4 ಲಾಟ್‌ನಿಂದ ತಲಾ 200 ತೆಗೆದಾಗ 0.61. 8 ಲಾಟ್‌ನಿಂದ ತಲಾ 100 ತೆಗೆದಾಗ 0.44. ಚಿತ್ರದ ಸಂಖ್ಯೆ ಒಂದೇ, ವ್ಯತ್ಯಾಸವೆಲ್ಲ ಲಾಟ್‌ನದು. ಒಂದು ಚೀಲದ ಇನ್ನೂರನೇ ಕಾಳು ಹೊಸದೇನನ್ನೂ ಹೇಳುವುದಿಲ್ಲ, ಹೊಸ ಚೀಲದ ಮೊದಲ ಐವತ್ತು ಬಹಳ ಹೇಳುತ್ತವೆ. ಕಲಬುರಗಿಯದಷ್ಟೇ ಅಲ್ಲದೆ ಬೀದರ್, ಯಾದಗಿರಿ ಮಾರುಕಟ್ಟೆಯಿಂದ ಅರ್ಧರ್ಧ ಕೇಜಿ ತರಿಸುವುದೇ ಮೇಲು. ಹುಳ ಕೊರೆದದ್ದು ಮಾತ್ರ ಅರ್ಧ ಕೇಜಿಯಲ್ಲಿ ಸಾಲದೆ ಹೋಗಬಹುದು.

ಒಂದು ಹಂತದ ಕೆಳಗೆ ಯಾವ ಗೆರೆಯೂ ಇಳಿಯುವುದಿಲ್ಲ, ಅದಕ್ಕೆ ಕಾರಣ ಲೇಬಲ್‌ನಲ್ಲೇ ಇದೆ. ಉಳಿದ ತಪ್ಪುಗಳನ್ನು ಲಾಸ್ ಪ್ರಕಾರ ಜೋಡಿಸಿ ಮೇಲಿನವನ್ನು ತೆರೆದು ನೋಡಿದರೆ ಅರ್ಧಕ್ಕರ್ಧ 70ರಿಂದ 80% ಉಳಿದ ಕಾಳುಗಳು. ಮಿಲ್‌ನಲ್ಲಿ ಆರಿಸುವವರಿಗೆ ಅಂಥ ಒಂದನ್ನು ತೋರಿಸಿ ನುಚ್ಚೇ ಎಂದು ಕೇಳಿದರೆ "ನುಚ್ಚಲ್ರೀ ಇದು, ಮೂಲಿ ಒಂದೀಟ ಮುರದದ ಅಷ್ಟ" ಎನ್ನುತ್ತಾರೆ. ಪಕ್ಕದವರು ಒಪ್ಪುವುದಿಲ್ಲ. ಇಬ್ಬರು ಬೇರೆ ಬೇರೆ ಕೂತು 100 ಕಾಳಿಗೆ ಲೇಬಲ್ ಹಾಕಿ, ಎಷ್ಟರಲ್ಲಿ ಒಮ್ಮತ ಎಂದು ಎಣಿಸಿಬಿಡಿ. 93ರಲ್ಲಿ ಒಮ್ಮತವಿದ್ದರೆ ಮಾಡೆಲ್‌ನಿಂದ 97 ನಿರೀಕ್ಷಿಸುವುದು ನ್ಯಾಯವಲ್ಲ. ಆ ಗಡಿಯ ಕಾಳುಗಳಿಗೆ ಚಿತ್ರದಲ್ಲೇ ವಿಸ್ತೀರ್ಣ ಅಳೆದು ಲೇಬಲ್ ಹಾಕುವುದು ಇನ್ನೂ ನೇರ ದಾರಿ. 300 ಡಿಪಿಐನಲ್ಲಿ ಪಿಕ್ಸೆಲ್ ಎಣಿಸಿದರೆ ಸಾಕು, ಆದರೆ ಹೋಲಿಕೆ ಆ ಲಾಟ್‌ನ ಇಡೀ ಬೇಳೆಗಳ ಮಧ್ಯಮ ವಿಸ್ತೀರ್ಣಕ್ಕೆ ಆಗಬೇಕು. ತಳಿಯಿಂದ ತಳಿಗೆ ಕಾಳಿನ ಗಾತ್ರ ಬದಲಾಗುತ್ತದೆ.

ಟೆಸ್ಟ್ ಲಾಟ್‌ಗಳು

ಪಕ್ಕಕ್ಕಿಟ್ಟ ಎರಡು ಲಾಟ್‌ಗಳನ್ನು ಎಲ್ಲ ಮುಗಿದ ಮೇಲೆ ಒಂದೇ ಸಲ ತೆರೆಯಬೇಕು. ಡ್ರಾಪ್‌ಔಟ್, ಝೂಮ್, ಬ್ರೈಟ್‌ನೆಸ್ ಎಲ್ಲವನ್ನೂ ವ್ಯಾಲಿಡೇಶನ್ ಗೆರೆ ನೋಡಿಯೇ ಆರಿಸಿದ್ದರಿಂದ ಆ ಗೆರೆ ಈಗ ತುಸು ನಮ್ಮ ಪರವಾಗಿ ಮಾತಾಡುತ್ತದೆ. ಟೆಸ್ಟ್‌ನಲ್ಲಿ ಲಾಸ್ 0.43, ಅಕ್ಯುರಸಿ 84%. ಬಿಡಿಸಿ ನೋಡಿದರೆ ಒಂದು ಲಾಟ್‌ನಲ್ಲಿ 90, ಇನ್ನೊಂದರಲ್ಲಿ 78. ಎರಡನೆಯದು ಪಾಲಿಶ್ ಇಲ್ಲದ್ದು. ಟ್ರೈನಿಂಗ್‌ನ ಎಂಟರಲ್ಲಿ ಅಂಥದ್ದು ಒಂದೇ ಇತ್ತು, ಆದ್ದರಿಂದ ಮುಂದೆ ತರಬೇಕಾದ ಸ್ಯಾಂಪಲ್ ಯಾವುದು ಎಂಬುದು ಸ್ಪಷ್ಟ. ಹಾಗೆ ಮಾಡಿದ ಮೇಲೆ ಈ ಎರಡು ಲಾಟ್ ಟೆಸ್ಟ್‌ಗೆ ಉಪಯೋಗವಿಲ್ಲ, ಬೇರೆ ಎರಡನ್ನು ಮುಚ್ಚಿಡಬೇಕು.

ಡಿಸೆಂಬರ್, ಜನವರಿಯಲ್ಲಿ ರಾಶಿಯಾಗಿ ಹೊಸ ತೊಗರಿ ಮಿಲ್‌ಗೆ ಬಂದಾಗ ಆ ಬೇಳೆಯ 200 ಕಾಳು ಸ್ಕ್ಯಾನ್ ಮಾಡಿ, ಟ್ರೈನ್ ಮಾಡದೆ `evaluate` ಅಷ್ಟೇ ಓಡಿಸಿ. ಲಾಸ್ 0.4ರ ಸುತ್ತ ಇದ್ದರೆ ಮಾಡೆಲ್ ಹಾಗೇ ಇರಲಿ. 0.8 ಬಂದರೆ ಮೊದಲು ಸ್ಕ್ಯಾನರ್‌ನ ಡಿಪಿಐ ಮತ್ತು ನೀಲಿ ಹಾಳೆ ಅದೇ ಇದೆಯೇ ನೋಡಿ, ಆಮೇಲೆ ಆ ಲಾಟ್‌ನ ಕೆಲವು ಕಾಳುಗಳ ಲೇಬಲ್ ಪರೀಕ್ಷಿಸಿ. ಎರಡೂ ಸರಿಯಿದ್ದರೆ ಲಾಟ್ ಟ್ರೈನಿಂಗ್‌ಗೆ ಸೇರಲಿ.